ಒಂದೆಣಿಕೆಗೆ ಒಂದು ಟ್ಯಾಂಕರು

ನರಸಾಪುರದ ಕೆರೆ ಏರಿಯ ಮೇಲೆ ನಿಂತು ಒಂದು ನಿಮಿಷದ ವಿಡಿಯೊ ಮಾಡಲು ಹೊರಟ ಹುಡುಗನೊಬ್ಬ ಬರೆದದ್ದನ್ನು ತಂದು ತೋರಿಸಿದ. ಮೊದಲ ಸಾಲು: ‘ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ದಿನಕ್ಕೆ 440 ಎಂಎಲ್‌ಡಿ ಸಂಸ್ಕರಿಸಿದ ನೀರು 126 ಕೆರೆಗಳಿಗೆ...’ ಎಂಎಲ್‌ಡಿ ಎಂದರೇ ದಿನಕ್ಕೆ ಇಷ್ಟು ದಶಲಕ್ಷ ಲೀಟರ್ ಎಂದು. ‘ದಿನಕ್ಕೆ’ ಎರಡು ಸಲ ಬಂತು, ಹೋಗಲಿ. ಕೇಳುವವರ ಕಣ್ಣಿಗೆ ಕಂಡಿದ್ದೇನು?

440 ದಶಲಕ್ಷವೆಂದರೆ 44 ಕೋಟಿ. ಈ ಮೆಟ್ಟಿಲಲ್ಲೇ ಒಂದು ಸೊನ್ನೆ ಜಾರುವುದು ಹೆಚ್ಚು, ಆದ್ದರಿಂದ ಒಮ್ಮೆ ಸೊನ್ನೆಗಳನ್ನು ಬರೆದೇ ನೋಡಬೇಕು. ಆದರೆ 44 ಕೋಟಿ ಲೀಟರನ್ನು ಕಂಡವರು ಯಾರು? ಹುಡುಗ ಒಲಿಂಪಿಕ್ಸ್ ಈಜುಕೊಳ ಎಂದ. ಅದನ್ನು ಇಲ್ಲಿ ಯಾರೂ ನೋಡಿಲ್ಲ. ಬೇಸಿಗೆಯಲ್ಲಿ ಬೀದಿಗೆ ಬರುವ ಟ್ರ್ಯಾಕ್ಟರ್ ಟ್ಯಾಂಕರನ್ನು ಎಲ್ಲರೂ ನೋಡಿದ್ದಾರೆ, ಕೊಡ ಹಿಡಿದು ಕಾದೂ ಇದ್ದಾರೆ. ಒಂದಕ್ಕೆ 5,000 ಲೀಟರ್ ಹಿಡಿದರೆ ದಿನಕ್ಕೆ 88,000 ಟ್ಯಾಂಕರು. ವಸ್ತು ಸರಿ, ಎಣಿಕೆ ಮಾತ್ರ ಮತ್ತೆ ಕೈಗೆ ಸಿಗದು.

ಆಗ ಕಾಲವನ್ನು ಕತ್ತರಿಸಿದೆವು. ದಿನಕ್ಕೆ 86,400 ಸೆಕೆಂಡು. 44 ಕೋಟಿಯನ್ನು ಅದರಿಂದ ಭಾಗಿಸಿದರೆ ಸುಮಾರು 5,093 ಲೀಟರ್. ಹೆಚ್ಚುವರಿ 93ನ್ನು ಬಿಟ್ಟರೆ ತಪ್ಪು ನೂರಕ್ಕೆ ಎರಡರಷ್ಟೂ ಇಲ್ಲ. ಸೆಕೆಂಡಿಗೊಂದು ಟ್ಯಾಂಕರು! ಇನ್ನು ಈಜುಕೊಳವೂ ಬೇಡ, ಬಿಂದಿಗೆಯೂ ಬೇಡ. ಎರಡನೆಯ ಹೋಲಿಕೆ ಬಂದರೆ ನೋಡುವವರು ಮೊದಲನೆಯದನ್ನು ಮರೆಯುತ್ತಾರೆ.

ಎಲ್ಲವನ್ನೂ ದುಂಡಗೆ ಮಾಡಬಾರದು. ಅವನ ಮುಂದಿನ ವಿಡಿಯೊ ಕೊಳವೆಬಾವಿಯ ಫ್ಲೋರೈಡ್ ಬಗ್ಗೆಯಂತೆ. ಕುಡಿಯುವ ನೀರಿನಲ್ಲಿ ಬೇರೆ ದಾರಿಯಿಲ್ಲದಾಗ ಒಪ್ಪುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ‘ಸುಮಾರು ಎರಡು’ ಎಂದರೆ ಮಿತಿ ದಾಟಿದ ನೀರೂ ಒಳ್ಳೆಯದಾಗಿಬಿಡುತ್ತದೆ. ಗೆರೆಯ ಆಚೆ ಈಚೆ ತೋರಿಸುವ ಅಂಕಿಯನ್ನು ಇದ್ದಂತೆಯೇ ಹೇಳಬೇಕು. 126 ಕೆರೆ ಮಾತ್ರ ‘ನೂರಕ್ಕೂ ಹೆಚ್ಚು’ ಆದರೆ ನಷ್ಟವಿಲ್ಲ.

ತಿದ್ದಿದ್ದನ್ನು ಟೀ ಅಂಗಡಿಯಲ್ಲಿ ಓದಿಸಿದೆ. ಅಂಗಡಿಯವರು ಲೋಟ ತೊಳೆಯುತ್ತಲೇ ಕೇಳಿದರು: “ಅಷ್ಟೂ ನಮ್ಮ ಕೆರೆಗೇನಪ್ಪಾ?” ತೆರೆಯ ಮೇಲೆ ನರಸಾಪುರದ ಕೆರೆ ತೋರಿಸಿ ಇಡೀ ಯೋಜನೆಯ ಅಂಕಿ ಹೇಳಿದರೆ ಯಾರಿಗಾದರೂ ಹಾಗೇ ಅನ್ನಿಸಬೇಕು. ಹಾಗಂತ 126ರಿಂದ ಭಾಗಿಸುವಂತೆಯೂ ಇಲ್ಲ. ನೀರು ಸಮಪಾಲಾಗಿ ಹಂಚಿಹೋಗುವುದಿಲ್ಲ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಅದು ತುಂಬಿ ಕೋಡಿ ಹರಿದ ಮೇಲೆ ಕೆಳಗಿನ ಕೆರೆಗಳ ಸರದಿ. ಜೊತೆಗೆ 440 ಯೋಜನೆಯ ಗುರಿ, ದಿನದಿನದ ಅಳತೆಯಲ್ಲ.

ಕೊನೆಗೆ ಉಳಿದದ್ದು ಇಷ್ಟು: ‘ಒಂದು... ಎರಡು... ಮೂರು... ಒಂದೊಂದು ಎಣಿಕೆಗೂ ಐದು ಸಾವಿರ ಲೀಟರಿನ ಒಂದು ಟ್ಯಾಂಕರು. ಹಗಲೂ ರಾತ್ರಿ ಇಷ್ಟು ನೀರು ಕೊಡುವುದು ಯೋಜನೆಯ ಗುರಿ. ನೂರಕ್ಕೂ ಹೆಚ್ಚು ಕೆರೆಗಳಿಗೆ, ಎಲ್ಲಕ್ಕೂ ಸೇರಿ.’ ಎಣಿಸುವಾಗ ಕೆರೆ ಬೇಡ, ನೀರು ದುಮುಕುವ ಪೈಪಿನ ಬಾಯಿ ತೋರಿಸು ಎಂದೆ. ಕೆರೆ ಆಮೇಲೆ ಬರಲಿ.