ಕ್ರಿಯಾಪದಕ್ಕಾಗಿ ಓದುಗ ಕಾಯುತ್ತಾನೆಯೇ? ಜರ್ಮನ್ ಕಣ್ಚಲನೆಯ ಸಾಕ್ಷ್ಯವೊಂದರ ಮರುಪರಿಶೀಲನೆ

ಕ್ರಿಯಾಪದ ಕೊನೆಯಲ್ಲಿ ಬರುವ ವಾಕ್ಯವನ್ನು ಓದುವವನು ಅಲ್ಲಿಯವರೆಗಿನ ನಾಮಪದಗಳನ್ನು ಬಿಡಿಬಿಡಿಯಾಗಿ ಹಿಡಿದುಕೊಂಡಿರುತ್ತಾನೆಯೇ, ಅಥವಾ ಬಂದಂತೆ ಬಂದಂತೆ ರಚನೆಯೊಳಗೆ ಜೋಡಿಸುತ್ತ ಹೋಗುತ್ತಾನೆಯೇ? ಎರಡನೆಯ ನಿಲುವಿಗೆ ಆಧಾರವಾಗಿ ಕೊನೀಚ್ನಿ, ಹೆಮ್‌ಫೋರ್ತ್, ಶೇಪರ್ಸ್ ಮತ್ತು ಶ್ಟ್ರೂಬೆ ಅವರ 1997ರ ಜರ್ಮನ್ ಅಧ್ಯಯನವನ್ನು ಉಲ್ಲೇಖಿಸುವುದುಂಟು. ಆ ಅಧ್ಯಯನದ ಫಲಿತಾಂಶವನ್ನು ನಾವು ಒಪ್ಪುತ್ತೇವೆ. ಅದರಿಂದ ಈ ನಿಲುವು ಸಿದ್ಧವಾಗುತ್ತದೆ ಎಂಬುದನ್ನು ಒಪ್ಪಲಾರೆವು.

ಅಲ್ಲಿನ ವಾಕ್ಯಗಳಲ್ಲಿ ಮರಿಯೋನ್ ಎಂಬಾಕೆ ಒಂದು ಕುದುರೆಯನ್ನು ನೋಡುತ್ತಾಳೆ. ಹಿಂದೆಯೇ ‘ಮಿಟ್’ ಎಂಬ ಪೂರ್ವಸರ್ಗದಿಂದ ಮೊದಲಾಗುವ ಪದಗುಚ್ಛ ಬರುತ್ತದೆ. ಅದು ದುರ್ಬೀನನ್ನು ಹೇಳಿದರೆ ನೋಡುವ ಕ್ರಿಯೆಗೆ ಒಪ್ಪುತ್ತದೆ, ಬಿಳಿ ಮಚ್ಚೆಯನ್ನು ಹೇಳಿದರೆ ಕುದುರೆಗೆ ಒಪ್ಪುತ್ತದೆ. ಜರ್ಮನ್ ಭಾಷೆಯ ಪ್ರಧಾನ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನದಲ್ಲಿರುತ್ತದೆ, ‘ಡಾಸ್’ ಉಪವಾಕ್ಯದಲ್ಲಿ ಕೊನೆಗೆ ಸರಿಯುತ್ತದೆ. ಹೀಗಾಗಿ ಅದೇ ಪದಗುಚ್ಛವನ್ನು ಎರಡೂ ಕ್ರಮಗಳಲ್ಲಿ ಅಳೆಯಬಹುದು. ಕ್ರಿಯಾಪದ ಮೊದಲೇ ಬಂದಾಗ ಅದರ ಸ್ವಭಾವ ಓದುಗರನ್ನು ನಡೆಸಿತು. ಅದು ಇನ್ನೂ ಬಾರದಿದ್ದಾಗ ಅವರು ಪದಗುಚ್ಛವನ್ನು ಕುದುರೆಗೇ ಸೇರಿಸಲು ಒಲಿದರು. ದುರ್ಬೀನಿನ ಬಳಿ ಓದು ನಿಧಾನವಾಯಿತು. ಈ ನಿಧಾನ ಕಂಡದ್ದು ಕ್ರಿಯಾಪದಕ್ಕೆ ಮುನ್ನ. ವಾಕ್ಯಾಂತ್ಯದ ಪದಗಳಲ್ಲಿ ಇಡೀ ವಾಕ್ಯವನ್ನು ಕೂಡಿಸಿಕೊಳ್ಳುವ ಹೊತ್ತೂ ಬೆರೆತಿರುತ್ತದೆ. ಆ ಬೆರಕೆಯಿಂದ ಈ ಅಳತೆ ಪಾರಾಗಿದೆ. ಅಧ್ಯಯನದ ನಿಜವಾದ ಬಲ ಇಲ್ಲಿದೆ.

ಆದರೆ ಕಾಯುವಿಕೆಯ ವಾದ ಹೇಳುವುದೇನು? ಪ್ರಿಚೆಟ್ 1991ರಲ್ಲಿ ಮಂಡಿಸಿದ ರೂಪದಲ್ಲಿ, ಒಂದು ಪದ ತನ್ನನ್ನು ಪಡೆಯಬಲ್ಲ ಶೀರ್ಷ ದೊರೆಯುವವರೆಗೆ ಜೋಡಣೆಯಾಗುವುದಿಲ್ಲ. ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಶೀರ್ಷ ಬಂದಿಲ್ಲ ನಿಜ. ‘ಕುದುರೆ’ ಎಂಬ ನಾಮಶೀರ್ಷ ಬಂದಾಗಿದೆ. ಸಿಕ್ಕ ಶೀರ್ಷಕ್ಕೆ ಪದಗುಚ್ಛ ಅಂಟಿಕೊಂಡರೆ ಆ ವಾದಕ್ಕೆ ಯಾವ ಧಕ್ಕೆಯೂ ಇಲ್ಲ. ಅದು ನಿರೀಕ್ಷಿಸುವುದೂ ಅದನ್ನೇ. ಈ ಪ್ರಯೋಗದಿಂದ ಪೆಟ್ಟು ತಿನ್ನುವುದು ಕ್ರಿಯಾಪದದ ಗೊಡವೆಯಿಲ್ಲದೆ ಸದಾ ಕ್ರಿಯಾಗುಚ್ಛಕ್ಕೇ ಸೇರಿಸುವ ಕನಿಷ್ಠ ಜೋಡಣೆಯ ತತ್ತ್ವ. ಎರಡು ಎದುರಾಳಿಗಳಲ್ಲಿ ಒಬ್ಬ ಸೋತದ್ದನ್ನು ಇಬ್ಬರ ಸೋಲೆಂದು ಬರೆದುಕೊಳ್ಳಲಾಗಿದೆ.

ಯಾವ ಶೀರ್ಷವೂ ಬಾರದ ಹಂತದಲ್ಲಿ ವ್ಯತ್ಯಾಸವೊಂದು ಕಂಡರೆ ಮಾತ್ರ ಕಾಯುವಿಕೆಯ ವಾದ ಬೀಳುತ್ತದೆ. ಅದಕ್ಕೆ ಕನ್ನಡ ಅನುಕೂಲವಾದ ಭಾಷೆ. ಈ ಜೋಡಿಯನ್ನು ನೋಡಬಹುದು:

(ಅ) ಮೇಷ್ಟ್ರು ಹುಡುಗನನ್ನು ಚೀಲವನ್ನು ಕದ್ದ ಕಳ್ಳನ ಬಳಿಗೆ ಕಳಿಸಿದರು.
(ಆ) ಮೇಷ್ಟ್ರು ಹುಡುಗನಿಗೆ ಚೀಲವನ್ನು ಕದ್ದ ಕಳ್ಳನ ಹೆಸರನ್ನು ಹೇಳಿದರು.

‘ಚೀಲವನ್ನು’ ಓದುವಾಗ ಯಾವ ಕ್ರಿಯಾರೂಪವೂ ಬಂದಿಲ್ಲ. ಓದುಗ ಕಾಯುವವನಾದರೆ ಇಲ್ಲಿ ಎರಡೂ ಒಂದೇ. ಜೋಡಿಸುವವನಾದರೆ (ಅ)ದಲ್ಲಿ ಎರಡನೆಯ ದ್ವಿತೀಯಾ ವಿಭಕ್ತಿ ಒಂದೇ ಉಪವಾಕ್ಯಕ್ಕೆ ಹಿಡಿಸದೆ ಅವನು ತಡೆಯಬೇಕು. (ಆ)ದಲ್ಲಿ ಸಲೀಸಾಗಿ ಸಾಗಬೇಕು. ಇಷ್ಟೇ ಸಾಲದು. ‘ಅನ್ನು’ ಎಂಬ ಪ್ರತ್ಯಯ ಮರುಕಳಿಸಿದ್ದರಿಂದಲೇ ನೆನಪಿನಲ್ಲಿ ತೊಡಕಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪ ನಿಜವಾದರೆ (ಅ)ದ ಕಷ್ಟ ‘ಕದ್ದ ಕಳ್ಳನ’ ಎಂಬಲ್ಲಿಯೂ ಮುಂದುವರಿಯಬೇಕು. ಓದುಗ ಹೊಸ ಉಪವಾಕ್ಯದ ಗಡಿಯನ್ನೇ ಹಾಕಿದ್ದರೆ ಅಲ್ಲಿ ಪರಿಸ್ಥಿತಿ ತಿರುಗಬೇಕು: (ಅ)ದ ಓದುಗ ಸಿದ್ಧನಾಗಿರುತ್ತಾನೆ, ‘ಹುಡುಗನಿಗೆ ಚೀಲವನ್ನು’ ಎಂದು ಒಟ್ಟಿಗೆ ಕಟ್ಟಿಕೊಂಡಿದ್ದ (ಆ)ದ ಓದುಗ ಬಿಚ್ಚಬೇಕಾಗುತ್ತದೆ. ನಮ್ಮ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಈ ತಿರುವು, ಮೊದಲ ತಡೆಯಲ್ಲ. ಜಪಾನೀ ಭಾಷೆಯಲ್ಲಿ ಮಿಯಾಮೊಟೊ 2002ರಲ್ಲಿ ಇದೇ ಜಾಡಿನಲ್ಲಿ, ವಿಭಕ್ತಿಗಳು ಉಪವಾಕ್ಯದ ಗಡಿಯನ್ನು ಸೂಚಿಸುತ್ತವೆಂದು ವಾದಿಸಿದ್ದಾರೆ. ಅವರು ಬಳಸಿದ್ದು ಓದುಗನೇ ಗುಂಡಿ ಒತ್ತುತ್ತ ಮುಂದೆ ಸಾಗುವ ವಿಧಾನ. ಅಲ್ಲಿ ಹಿಂದಕ್ಕೆ ಮರಳುವ ಕಣ್ಣು ಕಾಣಸಿಗುವುದಿಲ್ಲ.

ಯಾವ ಅಳತೆಯನ್ನು ನಂಬಬೇಕೆಂಬುದೂ ಇಲ್ಲಿ ಚಿಕ್ಕ ಸಂಗತಿಯಲ್ಲ. ಕನ್ನಡದಲ್ಲಿ ವಿಭಕ್ತಿ ಪದದ ಬಲತುದಿಯಲ್ಲಿದೆ. ಉದ್ದದ ಪದದ ಮೇಲೆ ಕಣ್ಣು ಮೊದಲು ನಿಂತಾಗ ಪ್ರತ್ಯಯ ಸ್ಪಷ್ಟವಾಗಿ ಕಂಡಿರದೆ ಇರಬಹುದು. ಆದ್ದರಿಂದ ಮೊದಲ ನಿಲುಗಡೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ‘ಓದುಗ ಕಾಯುತ್ತಾನೆ’ ಎಂದು ತೀರ್ಮಾನಿಸಲಾಗದು. ಪದವನ್ನು ಮೊದಲು ಹೊಕ್ಕ ಕ್ಷಣದಿಂದ ಅದರ ಬಲಕ್ಕೆ ದಾಟುವವರೆಗಿನ ಸಮಯವನ್ನು, ನಡುವೆ ಹಿಂದಿನ ಪದಗಳಿಗೆ ಮರಳಿದ್ದನ್ನೂ ಸೇರಿಸಿ ಎಣಿಸುವ ಅಳತೆ ಇಲ್ಲಿ ಹೆಚ್ಚು ಹೇಳುತ್ತದೆ. ಜತೆಗೆ ಕಣ್ಣು ಮರಳಿದ್ದು ಎಲ್ಲಿಗೆ ಎಂಬುದನ್ನೂ ಬೇರೆಯಾಗಿ ವರದಿ ಮಾಡಬೇಕು.

ಕರ್ತೃವಾಗಿ ‘ಮೇಷ್ಟ್ರು’ ಎಂಬ ಗೌರವ ಬಹುವಚನವನ್ನು ಆರಿಸಿದ್ದಕ್ಕೂ ಕಾರಣವಿದೆ. ಅಲ್ಲಿ ‘ಹುಡುಗ’ ಎಂದಿದ್ದರೆ ‘ಕದ್ದ’ ಎಂಬುದು ‘ಕದ್ದನು’ ಎಂಬುದರ ಆಡುನುಡಿಯ ರೂಪವಾಗಿ, ವಾಕ್ಯ ಅಲ್ಲಿಗೇ ಮುಗಿದಂತೆ ಓದಿಸಿಕೊಳ್ಳುತ್ತದೆ. ಒಂದು ಸಂದಿಗ್ಧತೆಯನ್ನು ಅಳೆಯಹೊರಟವರ ಕೈಯಲ್ಲಿ ಎರಡು ಉಳಿಯುತ್ತವೆ.