ಬೆಣ್ಣೆ ಬಿಸ್ಕತ್ತಿನಲ್ಲಿ ಬೆಣ್ಣೆ ಎಷ್ಟು?

ರಾಮನಗರ, ಚನ್ನಪಟ್ಟಣದ ಅಂಗಡಿಗಳಲ್ಲಿ ಸಿಗುವ ಎಷ್ಟೋ ಬಿಸ್ಕತ್ತಿನ ಪೊಟ್ಟಣಗಳ ಮುಂದೆ ಬೆಣ್ಣೆಯ ಚಿತ್ರವಿರುತ್ತದೆ. ನಿಜ ಸಂಗತಿ ಇರುವುದು ಹಿಂದಿನ ಸಣ್ಣ ಅಕ್ಷರಗಳಲ್ಲಿ.

ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೈದಾ, ಸಕ್ಕರೆ, ಆಮೇಲೆ ಪಾಮ್ ಆಯಿಲ್, ಅಂದರೆ ತಾಳೆ ಎಣ್ಣೆ. ಬೆಣ್ಣೆ ಎಲ್ಲೋ ಕೆಳಗೆ. ಮುಂದೆ ಚಿತ್ರ ಹಾಕಿ ಮೆರೆಸಿದ ಪದಾರ್ಥದ ಶೇಕಡಾವಾರು ಪ್ರಮಾಣವನ್ನೂ ಹೇಳಬೇಕು. ಬೆಣ್ಣೆ ಶೇ. 2, ನೂರು ಗ್ರಾಂನಲ್ಲಿ ಒಟ್ಟು ಕೊಬ್ಬು 20 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 10 ಗ್ರಾಂ ಎಂದು ಬರೆದಿದೆ ಎನ್ನಿ. ಬೆಣ್ಣೆಯಲ್ಲಿ ಸುಮಾರು ಶೇ. 80 ಕೊಬ್ಬು, ಹಾಗಾಗಿ ಅದರಿಂದ ಬಂದದ್ದು ಒಂದೂವರೆ ಗ್ರಾಂ ಚಿಲ್ಲರೆ ಮಾತ್ರ. ಮಿಕ್ಕದ್ದು ಹೆಚ್ಚುಕಡಿಮೆ ಎಲ್ಲ ತಾಳೆ ಎಣ್ಣೆಯದೇ. ಸ್ಯಾಚುರೇಟೆಡ್ ಕೊಬ್ಬು ಒಟ್ಟು ಕೊಬ್ಬಿನ ಅರ್ಧದಷ್ಟಿರುವುದೇ ಇದಕ್ಕೆ ಸಾಕ್ಷಿ: ತಾಳೆ ಎಣ್ಣೆಯಲ್ಲಿ ಅದು ಸುಮಾರು ಅರ್ಧ, ಸೂರ್ಯಕಾಂತಿ ಎಣ್ಣೆಯಲ್ಲಿ ಹತ್ತರಲ್ಲೊಂದು ಪಾಲು. ಇಂಥ ಪೊಟ್ಟಣವನ್ನು ಬೆಣ್ಣೆ ಬಿಸ್ಕತ್ತು ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ತಯಾರಕರು ತಾಳೆ ಎಣ್ಣೆ ಬಳಸಲು ಕಾರಣಗಳಿವೆ. ಅದು ಅಗ್ಗ, ಬೇಗ ಕಮಟು ಹಿಡಿಯುವುದಿಲ್ಲ, ಅರೆಗಟ್ಟಿಯಾಗಿ ನಿಂತು ಬಿಸ್ಕತ್ತಿಗೆ ಗರಿಗರಿ ಕೊಡುತ್ತದೆ. ಹಿಂದೆ ಈ ಕೆಲಸವನ್ನು ವನಸ್ಪತಿ ಮಾಡುತ್ತಿತ್ತು. ವನಸ್ಪತಿ ತಯಾರಿಸಲು ನಿಕಲ್ ಜೊತೆ ಬಿಸಿ ಮಾಡಿದ ಎಣ್ಣೆಗೆ ಜಲಜನಕ ಹಾಯಿಸಿ ಅದನ್ನು ಗಟ್ಟಿ ಮಾಡುತ್ತಾರೆ. ಈ ಕೆಲಸ ಅರ್ಧಕ್ಕೆ ನಿಂತರೆ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಫ್ಯಾಟ್ ಹುಟ್ಟುತ್ತದೆ. 2022ರ ಜನವರಿಯಿಂದ ಅದು ಒಟ್ಟು ಕೊಬ್ಬಿನ ಶೇ. 2 ಮೀರುವಂತಿಲ್ಲ. ಹಾಗಾಗಿ ‘ಟ್ರಾನ್ಸ್ ಫ್ಯಾಟ್ ಸೊನ್ನೆ’ ಎಂಬ ದೊಡ್ಡಕ್ಷರಕ್ಕೆ ಇಂದು ಅಷ್ಟು ಬೆಲೆಯಿಲ್ಲ. ಸ್ಯಾಚುರೇಟೆಡ್ ಕೊಬ್ಬಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

‘ಹೈಡ್ರೋಜನೇಟೆಡ್’ ಎಂಬ ಪದ ಕಂಡೊಡನೆ ಎಲ್ಲವನ್ನೂ ತಳ್ಳಿಹಾಕುವುದೂ ಸರಿಯಲ್ಲ. ಮಾಗಡಿ, ಕನಕಪುರದ ಕಡೆಯ ಕಡಲೆಕಾಯಿ ಬೀಜವನ್ನು ಹುರಿದು ನುಣ್ಣಗೆ ಅರೆದು ಡಬ್ಬಿಗೆ ತುಂಬಿಟ್ಟರೆ ಕೆಲವು ದಿನಗಳಲ್ಲಿ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ತಡೆಯಲು ಪೀನಟ್ ಬಟರ್‌ಗೆ ಪೂರ್ತಿ ಹೈಡ್ರೋಜನೇಟ್ ಮಾಡಿದ ಕೊಬ್ಬನ್ನು ಶೇ. 1-2ರಷ್ಟು ಬೆರೆಸುತ್ತಾರೆ. ಪೂರ್ತಿ ಗಟ್ಟಿಯಾದ್ದರಲ್ಲಿ ಟ್ರಾನ್ಸ್ ಫ್ಯಾಟ್ ತೀರಾ ಕಡಿಮೆ. ಅಲ್ಲಿ ಅದು ಹದಕ್ಕಾಗಿ ಹಾಕಿದ್ದು, ಬೀಜವೇ ಮೊದಲಿರುತ್ತದೆ. ಚಾಕೊಲೇಟ್ ಸ್ಪ್ರೆಡ್‌ನ ಪಟ್ಟಿಯಲ್ಲಿ ಸಕ್ಕರೆಯ ಬೆನ್ನಿಗೇ ತಾಳೆ ಎಣ್ಣೆ ಬಂದರೆ ಮಾತ್ರ ನೀವು ಬ್ರೆಡ್ಡಿಗೆ ಸವರುತ್ತಿರುವುದು ಮುಖ್ಯವಾಗಿ ಆ ಎರಡನ್ನೇ.

ನಮ್ಮ ಊರಿನ ಬೇಕರಿಗಳ ಗಾಜಿನ ಭರಣಿಗೆ ಲೇಬಲ್ಲೇ ಇಲ್ಲ. ಅಲ್ಲಿ ನಾಲಿಗೆ ಸ್ವಲ್ಪ ನೆರವಾಗುತ್ತದೆ: ಬೆಣ್ಣೆ ಬಾಯಲ್ಲಿ ಕರಗಿ ಹೋಗುತ್ತದೆ, ಗಟ್ಟಿ ವನಸ್ಪತಿ ಅಂಗುಳಿಗೆ ಜಿಡ್ಡಾಗಿ ಅಂಟಿ ಕೂರುತ್ತದೆ. ಆದರೆ ಪಾಮ್ ಆಯಿಲ್ಲೋ ವನಸ್ಪತಿಯೋ ಎಂದು ನಾಲಿಗೆ ಹೇಳಲಾರದು. ಬೇಕರಿಯವರಿಗೆ ಬರುವ ಕೊಬ್ಬಿನ ಡಬ್ಬದ ಮೇಲೆ ಎಲ್ಲವೂ ಬರೆದಿರುತ್ತದೆ. ಅದನ್ನೇ ಒಂದು ಚೀಟಿಯಲ್ಲಿ ಬರೆದು ಭರಣಿಗೆ ಅಂಟಿಸಿ ಎಂದು ಅವರನ್ನು ಕೇಳೋಣ.