ಕಾಲು ಬಾತ ಪುಟದಲ್ಲಿ ಪುಸ್ತಕದ ಪರೀಕ್ಷೆ

ವಾಚನಾಲಯದ ಕಪಾಟಿನಲ್ಲಿ ಬಸುರಿ-ಬಾಣಂತಿಯರಿಗೆಂದು ಬರೆದ ಪುಸ್ತಕಗಳು ಹಲವು. ಹೆದರಿಕೊಂಡಿರುವ ಹುಡುಗಿಯ ಕೈಗೆ ಯಾವುದನ್ನು ಕೊಡಬೇಕು ಎಂದು ತಿಳಿಯಲು ಒಂದೇ ಪುಟ ಓದಿದರೂ ಸಾಕು. ಅದು ಕಾಲು ಬಾತದ್ದರ ಬಗ್ಗೆ ಹೇಳುವ ಪುಟ.

ಕೆಲವು ಪುಸ್ತಕಗಳು ‘ಇದು ಸಹಜ, ಗಾಬರಿ ಬೇಡ’ ಎಂದು ಮುಗಿಸಿಬಿಡುತ್ತವೆ. ಇನ್ನು ಕೆಲವು ಬಾವು, ಫಿಟ್ಸ್, ಸಾವು ಎಂದು ಒಂದೇ ಉಸಿರಿಗೆ ಹೇಳುತ್ತವೆ. ಎರಡರಿಂದಲೂ ಪ್ರಯೋಜನವಿಲ್ಲ. ಓದುವವಳಿಗೆ ಬೇಕಾದ್ದು ಸಹಜ ಎಲ್ಲಿ ಮುಗಿಯುತ್ತದೆ, ಅಪಾಯ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ.

ಚೊಚ್ಚಲ ಬಸುರಿ, 32 ವಾರ ಅಂತಿಟ್ಟುಕೊಳ್ಳಿ. ಸಂಜೆಗೆ ಪಾದ ಬಾಯುತ್ತದೆ, ಬೆಳಗ್ಗೆ ಇಳಿಯುತ್ತದೆ. ಬಿ.ಪಿ. 110/70. ಬೆಳೆದ ಗರ್ಭಕೋಶ ರಕ್ತನಾಳಗಳನ್ನು ಒತ್ತುವುದರಿಂದ ಹೀಗಾಗುತ್ತದೆ. ಎಡಮಗ್ಗುಲಿಗೆ ಮಲಗಿದರೆ, ಕಾಲು ಎತ್ತರಕ್ಕಿಟ್ಟರೆ ಹಗುರಾಗುತ್ತದೆ. ಎರಡು ವಾರ ಕಳೆದ ಮೇಲೆ ಏಳುವಾಗಲೇ ಮುಖ ಊದಿದೆ, ಬಳೆ ಬಿಗಿಯಾಗಿದೆ, ತಲೆನೋವು ಬಿಡುತ್ತಿಲ್ಲ, ಕಣ್ಣೆದುರು ಮಿಂಚಿದ ಹಾಗೆ, ಪಕ್ಕೆಲುಬಿನ ಕೆಳಗೆ ನೋವು. ಬಿ.ಪಿ. 146/96. ಇಲ್ಲಿ ‘ನಾಳೆ ನೋಡುವ’ ಅನ್ನಬಾರದು. 20 ವಾರದ ಬಳಿಕ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಮೂತ್ರ, ರಕ್ತ ಪರೀಕ್ಷೆ ಬೇಕು. ಈ ಲಕ್ಷಣಗಳೂ ಜೊತೆಗಿದ್ದರೆ ಆಗಲೇ ಹೊರಡಬೇಕು. ಒಳ್ಳೆಯ ಪುಸ್ತಕ ಇನ್ನೂ ಎರಡು ಮಾತು ಹೇಳುತ್ತದೆ. ಬಾವೇ ಇಲ್ಲದೆಯೂ ಈ ಕಾಯಿಲೆ ಬರಬಹುದು, ಆದ್ದರಿಂದ ಪ್ರತಿ ಸಲವೂ ಬಿ.ಪಿ. ನೋಡಿಸಬೇಕು. ಹೆರಿಗೆಯಾದ ನಂತರದ ವಾರಗಳಲ್ಲೂ ಬರಬಹುದು.

ಅದೇ ಪುಟದಲ್ಲಿ ಪುಸ್ತಕದ ವಯಸ್ಸೂ ತಿಳಿಯುತ್ತದೆ. ಇದನ್ನು ತಡೆಯಲು ಉಪ್ಪು ಬಿಡಿ, ನೀರಿಳಿಸುವ ಮಾತ್ರೆ ತಗೊಳ್ಳಿ ಎಂದು ಬರೆದಿದ್ದರೆ ಅದು ಹಳೆಯ ವೈದ್ಯ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವೆರಡನ್ನೂ ಬೇಡ ಎಂದಿತು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಕ್ಯಾಲ್ಸಿಯಂ, ಅಪಾಯ ಹೆಚ್ಚಿರುವವರಿಗೆ ಮೊದಲ 20 ವಾರದೊಳಗೇ ಸಣ್ಣ ಪ್ರಮಾಣದ ಆಸ್ಪಿರಿನ್ ಎಂದು ಸಲಹೆ ಕೊಟ್ಟಿತು. ಇದನ್ನು ಡಾಕ್ಟರು ನಿರ್ಧರಿಸಬೇಕು, ಅಂಗಡಿಯಿಂದ ತಂದು ನುಂಗುವ ಹಾಗಿಲ್ಲ.

ಹಾಗಂತ ಹಳೆಯದನ್ನೆಲ್ಲ ಕಟ್ಟಿಡಬೇಕೇ? ಅನುಪಮಾ ನಿರಂಜನ ಸ್ವತಃ ಡಾಕ್ಟರು. ‘ತಾಯಿ ಮಗು’ ಬರೆದು, ನಾಚಿಕೆಯಿಂದ ಮುಚ್ಚಿಟ್ಟ ಸಂಗತಿಗಳನ್ನು ಮನೆಮಾತಿನ ಕನ್ನಡಕ್ಕೆ ತಂದರು. ಆದರೆ 1991ರಲ್ಲಿ ತೀರಿಕೊಂಡವರ ಪುಸ್ತಕದಲ್ಲಿ 2011ರ ಔಷಧ ಹುಡುಕುವುದು ಸರಿಯಲ್ಲ. ಮೈ ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಅಂಥ ಪುಸ್ತಕ ಓದಲಿ. ಮಾತ್ರೆ, ಪ್ರಮಾಣಗಳನ್ನು ಹೊಸ ಮುದ್ರಣದಲ್ಲೂ ಡಾಕ್ಟರ ಬಳಿಯೂ ಕೇಳಲಿ.

ನಮ್ಮ ಗಡಿಯಲ್ಲಿ ಆಸ್ಪತ್ರೆಯ ಕಾರ್ಡು ಒಂದು ಭಾಷೆ, ಮನೆಯ ಓದು ಇನ್ನೊಂದು. ಆದರೂ 140/90 ಎಂಬ ಅಂಕೆ ಎಲ್ಲಾ ಕಾರ್ಡಿನಲ್ಲೂ ಒಂದೇ. ಅದನ್ನು ಗುರುತಿಸಲು ಕಲಿಸದ ಪುಸ್ತಕ ಎಷ್ಟು ಚೆಂದ ಬರೆದಿದ್ದರೂ ಬಸುರಿಯ ಕೈಗೆ ಕೊಡತಕ್ಕದ್ದಲ್ಲ.